ಹೊಸ ತಿನಿಸಿಗೆ ವಿತರಕರನ್ನು ಹುಡುಕುವುದು, ಉಳಿಸಿಕೊಳ್ಳುವುದು ಹೇಗೆ?

ಹೊಸ ತಿನಿಸಿನ ಪ್ಯಾಕೆಟ್ ಹಿಡಿದು ವಿತರಕರ ಬಳಿ ಹೋಗುವವರು ಸಾಮಾನ್ಯವಾಗಿ ರುಚಿಯಿಂದಲೇ ಮಾತು ಶುರು ಮಾಡುತ್ತಾರೆ. ವಿತರಕರೂ ಒಂದು ತುಂಡು ಬಾಯಿಗೆ ಹಾಕಿಕೊಂಡು ‘ಚೆನ್ನಾಗಿದೆ’ ಎನ್ನುತ್ತಾರೆ. ಆಮೇಲೆ ‘ಮಾರ್ಜಿನ್ ಎಷ್ಟು?’ ಎಂದು ಕೇಳುತ್ತಾರೆ. ಬಾಯಲ್ಲಿ ಕೇಳುವುದು ಮಾರ್ಜಿನ್. ಮನಸ್ಸಿನಲ್ಲಿ ಓಡುವ ಲೆಕ್ಕವೇ ಬೇರೆ: ಈ ಮಾಲಿಗೆ ನನ್ನ ಎಷ್ಟು ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ? ಆ ದುಡ್ಡು ತಿಂಗಳಿಗೆ ಎಷ್ಟು ದುಡಿದು ತರುತ್ತದೆ?

ಅವರ ಬಳಿ ಹೋಗುವ ಮೊದಲೇ ಆ ಲೆಕ್ಕವನ್ನು ನೀವು ಮಾಡಿಟ್ಟುಕೊಂಡಿರಬೇಕು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು: ವಿತರಕರ ಜಾಗದಲ್ಲಿ ಕೂತು ಲೆಕ್ಕ ಹಾಕಿ

ಒಂದು ಪ್ಯಾಕೆಟ್‌ಗೆ ಗಿರಾಕಿ ಕೊಡುವ ಬೆಲೆ 100 ಎಂದಿಟ್ಟುಕೊಳ್ಳಿ. ನಾಣ್ಯ ಯಾವುದಾದರೂ ಸರಿ, ತೆರಿಗೆಯ ವಿಷಯ ಸದ್ಯಕ್ಕೆ ಬಿಡೋಣ. ಅಂಗಡಿಯವರು ಅದನ್ನು 80ಕ್ಕೆ ಕೊಳ್ಳುತ್ತಾರೆ. ವಿತರಕರು ನಿಮ್ಮಿಂದ 74ಕ್ಕೆ ಕೊಳ್ಳುತ್ತಾರೆ. ಅಂದರೆ ಅವರಿಗೆ ಪ್ಯಾಕೆಟ್‌ಗೆ 6 ಉಳಿಯುತ್ತದೆ.

ತಿಂಗಳಿಗೆ 3,000 ಪ್ಯಾಕೆಟ್ ಹೋದರೆ 18,000 ಬಂತು. ಆದರೆ ಇದು ಲಾಭವಲ್ಲ. ಸೇಲ್ಸ್‌ಮನ್ ಸಂಬಳ, ಗಾಡಿ, ಗೋದಾಮು, ಒಡೆದು ಹಾಳಾದದ್ದು, ಇವುಗಳಲ್ಲಿ ನಿಮ್ಮ ಮಾಲಿನ ಪಾಲಿಗೆ 12,000 ಖರ್ಚು ಎಂದುಕೊಳ್ಳಿ. ಕೈಯಲ್ಲಿ ಉಳಿದದ್ದು 6,000.

ಈಗ ಸಿಕ್ಕಿಹಾಕಿಕೊಂಡ ದುಡ್ಡು ನೋಡಿ. ಗೋದಾಮಿನಲ್ಲಿ 20 ದಿನದ ಮಾಲು, ಅಂದರೆ 2,000 ಪ್ಯಾಕೆಟ್ ಇದೆ. 74ರಂತೆ 1,48,000 ಆಯಿತು. ಅಂಗಡಿಗಳಲ್ಲಿ 10 ದಿನದ ಉದ್ರಿ, ಅಂದರೆ 1,000 ಪ್ಯಾಕೆಟ್‌ನ ದುಡ್ಡು ಬರಬೇಕು. 80ರಂತೆ 80,000. ಎಕ್ಸ್‌ಪೈರಿ ಆದ ಮಾಲಿಗೆ, ಸ್ಕೀಮ್‌ನ ರಿಯಾಯಿತಿಗೆ ನೀವು ಅವರಿಗೆ ತುಂಬಿಕೊಡಬೇಕಾದ ದುಡ್ಡು, ಅಂದರೆ ಕ್ಲೇಮ್, ಇನ್ನೂ ಬಂದಿಲ್ಲ, ಅದೊಂದು 12,000. ಒಟ್ಟು 2,40,000. ಅದರ ಮೇಲೆ 6,000 ಎಂದರೆ ತಿಂಗಳಿಗೆ ಶೇ 2.5.

ಈಗಿರುವ ಬೇರೆ ಕಂಪನಿಯ ಮಾಲಿನಲ್ಲಿ ಅವರಿಗೆ ಶೇ 3 ಸಿಗುತ್ತಿದ್ದರೆ ನಿಮ್ಮದು ಯಾಕೆ ಬೇಕು? ಮುಖದ ಮೇಲೆ ಬೇಡ ಅನ್ನಲಿಕ್ಕಿಲ್ಲ. ‘ನೋಡೋಣ’ ಅಂತಾರೆ. ಮಾಲು ಮೂಲೆಯಲ್ಲಿ ಕೂರುತ್ತದೆ.

ಇಲ್ಲಿ ಹೊಸಬರು ಮಾಡುವ ಕೆಲಸ ಒಂದೇ: ಮಾರ್ಜಿನ್ ಏರಿಸುವುದು. ಪ್ಯಾಕೆಟ್‌ಗೆ 1 ಜಾಸ್ತಿ ಕೊಟ್ಟರೆ ವಿತರಕರಿಗೆ 9,000 ಉಳಿಯುತ್ತದೆ. ಸಿಕ್ಕಿಹಾಕಿಕೊಂಡ ದುಡ್ಡು 2,38,000ಕ್ಕೆ ಇಳಿಯುತ್ತದೆ. ಶೇ 3.8ರ ಹತ್ತಿರ ಬಂತು. ಆದರೆ ನಿಮ್ಮ ಕೈಯಿಂದ ತಿಂಗಳಿಗೆ 3,000 ಹೋಯಿತು. ಕೊಟ್ಟ ಮಾರ್ಜಿನ್ ವಾಪಸ್ ಕೇಳುವುದು ಎಷ್ಟು ಕಷ್ಟ ಎಂಬುದು ಕೇಳಿದವರಿಗೇ ಗೊತ್ತು.

ಇನ್ನೊಂದು ದಾರಿ ಇದೆ. ಮಾರ್ಜಿನ್ ಮುಟ್ಟಬೇಡಿ. ಒಂದೇ ಸಲ ದೊಡ್ಡ ಲೋಡ್ ಇಳಿಸುವ ಬದಲು ವಾರಕ್ಕೊಮ್ಮೆ ಮಾಲು ಕಳಿಸಿ. ಗೋದಾಮಿನಲ್ಲಿ 10 ದಿನದ ಮಾಲಿದ್ದರೆ ಸಾಕು. ಅಲ್ಲಿ 74,000 ಮಾತ್ರ ನಿಲ್ಲುತ್ತದೆ. ಕ್ಲೇಮ್ ಅನ್ನು ಒಂದೇ ವಾರದಲ್ಲಿ ಚುಕ್ತಾ ಮಾಡಿ, ಬಾಕಿ 3,000ಕ್ಕೆ ಇಳಿಯುತ್ತದೆ. ಉದ್ರಿ 80,000 ಹಾಗೇ ಇರಲಿ. ಒಟ್ಟು 1,57,000. ಅದೇ 6,000 ಈಗ ಶೇ 3.8 ಆಯಿತು. ಎರಡೂ ದಾರಿ ಒಂದೇ ಕಡೆ ತಲುಪಿದವು. ವಾರದ ಲೋಡ್‌ಗೆ ನಿಮಗೆ ಬೀಳುವ ಹೆಚ್ಚಿನ ಬಾಡಿಗೆ ತಿಂಗಳಿಗೆ 3,000ಕ್ಕಿಂತ ಕಡಿಮೆ ಇದ್ದರೆ ಎರಡನೆಯದೇ ಅಗ್ಗ. ಮೇಲಾಗಿ ಅಂಗಡಿಗೆ ತಾಜಾ ಮಾಲು ಹೋಗುತ್ತದೆ. ದೂರದ ಊರಾಗಿ ಬಾಡಿಗೆ ಅದಕ್ಕಿಂತ ಜಾಸ್ತಿ ಬಿದ್ದರೆ ಆ ಊರು ಸದ್ಯಕ್ಕೆ ಬೇಡ. ಹತ್ತಿರದ್ದನ್ನು ಮೊದಲು ತುಂಬಿ.

ಆಮೇಲೆ: ವಿತರಕರ ಹೆಸರನ್ನು ಅಂಗಡಿಯವರಿಂದ ಕೇಳಿ

ವಿತರಕರ ಪಟ್ಟಿ ತಂದು ಮೇಲಿನಿಂದ ಫೋನ್ ಮಾಡುತ್ತಾ ಹೋಗಬೇಡಿ. ನಿಮ್ಮ ತಿನಿಸು ಎಲ್ಲಿ ಮಾರಾಟವಾಗಬೇಕೋ ಅಂಥ ಮೂವತ್ತು ಅಂಗಡಿಗಳಿಗೆ ಹೋಗಿ. ಮೂರು ಪ್ರಶ್ನೆ ಕೇಳಿ. ಯಾರ ಸೇಲ್ಸ್‌ಮನ್ ಪ್ರತಿ ವಾರ ಅದೇ ದಿನ ಬರುತ್ತಾರೆ? ಆರ್ಡರ್ ಕೊಟ್ಟ ಮಾರನೇ ದಿನ ಯಾರ ಮಾಲು ಬರುತ್ತದೆ? ಎಕ್ಸ್‌ಪೈರಿ ಆದದ್ದನ್ನು ಜಗಳ ಇಲ್ಲದೆ ಯಾರು ವಾಪಸ್ ತೆಗೆದುಕೊಳ್ಳುತ್ತಾರೆ? ಮೂವತ್ತು ಕಡೆ ಕೇಳುವ ಹೊತ್ತಿಗೆ ಎರಡು ಮೂರು ಹೆಸರು ಮತ್ತೆ ಮತ್ತೆ ಬಂದಿರುತ್ತವೆ. ಅವರ ಬಳಿ ಹೋಗಿ.

ಅವರಲ್ಲಿ ಅತಿ ದೊಡ್ಡವರನ್ನು ಹಿಡಿಯಬೇಕೆಂಬ ಆಸೆ ಸಹಜ. ನಾನೂ ಸೇಲ್ಸ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗೇ ಮಾಡಿದೆ. ಅವರ ಸೇಲ್ಸ್‌ಮನ್ ಕೈಯಲ್ಲಿದ್ದ ಆರ್ಡರ್ ಹಾಳೆಯಲ್ಲಿ ನಮ್ಮ ಮಾಲಿನ ಹೆಸರು ಕೊನೆಯ ಪುಟದಲ್ಲಿತ್ತು. ಒಂದು ದಿನ ಅವನ ಜೊತೆ ಲೈನ್‌ಗೆ, ಅಂದರೆ ಅವನು ಅಂಗಡಿಯಿಂದ ಅಂಗಡಿಗೆ ಸುತ್ತುವ ದಾರಿಗೆ, ಹೋದೆ. ಸಂಜೆವರೆಗೆ ಆ ಪುಟ ತಿರುಗಲೇ ಇಲ್ಲ! ಪ್ರತಿ ಅಂಗಡಿಯಲ್ಲೂ ದೊಡ್ಡ ಕಂಪನಿಗಳ ಟಾರ್ಗೆಟ್ ಮುಗಿಸುವುದೇ ಅವನಿಗೆ ಸಾಕಾಗುತ್ತಿತ್ತು.

ನಿಮಗೆ ಬೇಕಾದವರು ಮಧ್ಯಮ ಗಾತ್ರದವರು. ನಿಮ್ಮ ಮಾಲು ಮಾರುವ ಅಂಗಡಿಗಳಿಗೇ ಅವರ ಗಾಡಿ ಈಗಾಗಲೇ ಓಡುತ್ತಿರಬೇಕು. ಆದರೆ ನಿಮ್ಮದೇ ಬಗೆಯ ಇನ್ನೊಂದು ತಿನಿಸು ಗಾಡಿಯಲ್ಲಿ ಇರಬಾರದು. ಇದಕ್ಕೆ ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಹೇಗೂ ಹೋಗುವ ಗಾಡಿಯಲ್ಲಿ ನಿಮ್ಮ ಎರಡು ಪೆಟ್ಟಿಗೆ ಸೇರಿದರೆ 12,000 ಖರ್ಚು ಅರ್ಧಕ್ಕೂ ಇಳಿಯಬಹುದು. ನಿಮ್ಮ ಮಾಲಿಗಾಗಿಯೇ ಹೊಸ ಗಾಡಿ, ಹೊಸ ಹುಡುಗ ಎಂದರೆ 3,000 ಪ್ಯಾಕೆಟ್‌ನಿಂದ ಏನೂ ಗಿಟ್ಟುವುದಿಲ್ಲ.

ಮಾತು ಮುಗಿಸುವ ಮೊದಲು ಗೋದಾಮು ನೋಡಿ. ಸೋಪು, ಸೊಳ್ಳೆಬತ್ತಿಯ ಪಕ್ಕದಲ್ಲಿ ತಿನಿಸು ಇಟ್ಟಿದ್ದರೆ ವಾಸನೆ ಹಿಡಿಯುತ್ತದೆ. ಮೊದಲು ಬಂದ ಮಾಲು ಮೊದಲು ಹೊರಗೆ ಹೋಗುತ್ತಿದೆಯೇ ಎಂದು ತಿಳಿಯಲು ಅವರನ್ನು ಕೇಳಬೇಕಾಗಿಲ್ಲ. ಹಿಂದಿನ ಸಾಲಿನ ನಾಲ್ಕು ಪೆಟ್ಟಿಗೆಗಳ ತಾರೀಕು ಓದಿದರೆ ಸಾಕು.

ಕಾಗದದ ಮೇಲೆ: ಸಣ್ಣದಾಗಿ ಶುರು ಮಾಡಿ

ಮೊದಲ ಆರ್ಡರ್ ದೊಡ್ಡದಾದರೆ ಖುಷಿಯಾಗುತ್ತದೆ, ಅಲ್ವಾ? ಆದರೆ ಆ ಮಾಲು ಇನ್ನೂ ಮಾರಾಟವಾಗಿಲ್ಲ, ಸುಮ್ನೆ ಗೋದಾಮು ಬದಲಿಸಿದೆ ಅಷ್ಟೇ. ಹತ್ತು ದಿನಕ್ಕೆ ಸಾಕಾಗುವಷ್ಟು ಮಾತ್ರ ಕೊಡಿ.

ಇಡೀ ಜಿಲ್ಲೆಯನ್ನು ಒಬ್ಬರಿಗೇ ಬರೆದುಕೊಡಬೇಡಿ. ಅವರ ಗಾಡಿ ನಿಜವಾಗಿ ಹೋಗುವ ಲೈನ್‌ಗಳ ಹೆಸರನ್ನಷ್ಟೇ ಬರೆಯಿರಿ. ಮೂರು ತಿಂಗಳು ಪರೀಕ್ಷೆ, ಆಮೇಲೆ ಲೈನ್ ಸೇರಿಸುವ ಮಾತು. ಎಕ್ಸ್‌ಪೈರಿ ಮಾಲನ್ನು ಎಷ್ಟರವರೆಗೆ ವಾಪಸ್ ತೆಗೆದುಕೊಳ್ಳುತ್ತೀರಿ, ಕ್ಲೇಮ್ ಎಷ್ಟು ದಿನದಲ್ಲಿ ಕೊಡುತ್ತೀರಿ, ಬಿಟ್ಟುಹೋಗುವಾಗ ಉಳಿದ ಮಾಲು ಯಾರ ಪಾಲು, ಈ ಮೂರನ್ನೂ ಬರವಣಿಗೆಯಲ್ಲಿ ಇಡಿ. ಜಗಳ ಆಗುವುದೆಲ್ಲ ಇವುಗಳ ಮೇಲೇ.

ತಿನಿಸಿನ ಆಯಸ್ಸನ್ನೂ ಹಂಚಿಕೊಳ್ಳಬೇಕು. 90 ದಿನ ಬಾಳುವ ಮಾಲು ನಿಮ್ಮಲ್ಲೇ 20 ದಿನ, ವಿತರಕರಲ್ಲಿ 20 ದಿನ ಕಳೆದರೆ ಅಂಗಡಿಗೆ ಸಿಗುವುದು 50 ದಿನ. ಹೊಸ ಮಾಲು ನಿಧಾನವಾಗಿ ಹೋಗುವುದರಿಂದ ಅದು ಸಾಲದೆ ಹೋಗಬಹುದು. ವಾರದ ಲೋಡ್ ಇಲ್ಲೂ ಕೆಲಸಕ್ಕೆ ಬರುತ್ತದೆ.

ಫ್ರಾಂಚೈಸಿ ಮಳಿಗೆಯಾದರೆ ಲೆಕ್ಕದ ಬಗೆ ಅದೇ, ದುಡ್ಡು ಸಿಕ್ಕಿಹಾಕಿಕೊಳ್ಳುವ ಜಾಗ ಬೇರೆ. ಮಾಲಿನಲ್ಲಿ ಕಡಿಮೆ, ಒಲೆ, ಫ್ರಿಜ್, ಬೋರ್ಡು, ಮುಂಗಡದಲ್ಲಿ ಜಾಸ್ತಿ. ಮಾಲನ್ನು ಮಾರಿ ಮುಗಿಸಬಹುದು, ಗೋಡೆಗೆ ಹಾಕಿದ ಟೈಲ್ಸ್ ಮಾರಲಾಗದು. ಹಾಗಾಗಿ ಹಾಕಿದ ದುಡ್ಡು ಎಷ್ಟು ತಿಂಗಳಲ್ಲಿ ಹಿಂದಕ್ಕೆ ಬರುತ್ತದೆ ಎಂಬುದನ್ನು ನೀವೇ ನಡೆಸಿದ ಒಂದು ಮಳಿಗೆಯ ನಿಜವಾದ ಲೆಕ್ಕ ತೋರಿಸಿ ಹೇಳಿ. ಅಂಥ ಮಳಿಗೆ ಇನ್ನೂ ಇಲ್ಲದಿದ್ದರೆ ಫ್ರಾಂಚೈಸಿ ಕೊಡುವ ಹೊತ್ತು ಇನ್ನೂ ಬಂದಿಲ್ಲ.

ಹುರುಪು ತುಂಬುವುದು: ಟಾರ್ಗೆಟ್‌ನ ಬಲೆ

ನೀವು ವಿತರಕರಿಗೆ ಮಾರುವುದು ಪ್ರೈಮರಿ, ಅವರು ಅಂಗಡಿಗೆ ಮಾರುವುದು ಸೆಕೆಂಡರಿ. ಬಹುಮಾನವನ್ನು ಪ್ರೈಮರಿ ಮೇಲೆ ಇಟ್ಟರೆ ಏನಾಗುತ್ತದೆ ನೋಡಿ.

3,500 ಪ್ಯಾಕೆಟ್ ಕೊಂಡರೆ ಎಲ್ಲದರ ಮೇಲೂ ತಲಾ 2 ಬಹುಮಾನ ಎಂದು ಘೋಷಿಸಿದಿರಿ. ಒಟ್ಟು 7,000. ಅಂಗಡಿಗಳಲ್ಲಿ ಹೋಗುವುದು 3,000 ಮಾತ್ರ. ತಿಂಗಳ ಕೊನೆಗೆ ವಿತರಕರು ಇನ್ನೂ 500 ಕೊಳ್ಳುತ್ತಾರೆ. 74ಕ್ಕೆ ಕೊಂಡದ್ದನ್ನು ಹೋಲ್‌ಸೇಲ್‌ನವರಿಗೆ 72ಕ್ಕೆ ಬಿಟ್ಟುಬಿಡುತ್ತಾರೆ. 1,000 ನಷ್ಟ, 7,000 ಬಹುಮಾನ. ಅವರ ಲೆಕ್ಕ ಸರಿಯಾಗಿಯೇ ಇದೆ, ಬಯ್ಯುವಂತಿಲ್ಲ. ಹೋಲ್‌ಸೇಲ್‌ನವರು ಅದನ್ನು ಅಂಗಡಿಗಳಿಗೆ 75ಕ್ಕೆ ಕೊಡುತ್ತಾರೆ. ಮುಂದಿನ ವಾರ ಸೇಲ್ಸ್‌ಮನ್ 80 ಎಂದಾಗ ಅಂಗಡಿಯವರು ನಗುತ್ತಾರೆ. ಆ ಬೆಲೆ ಪಕ್ಕದ ವಿತರಕರ ಲೈನ್‌ಗೂ ಹರಡುತ್ತದೆ. ಅವರು ಕೋಪದಲ್ಲಿ ನಿಮಗೆ ಫೋನ್ ಮಾಡುತ್ತಾರೆ. ಇಷ್ಟೆಲ್ಲ ಆದದ್ದು ನಿಮ್ಮದೇ ಸ್ಕೀಮ್‌ನಿಂದ.

ಇದರ ಸುಳಿವು ಮೊದಲೇ ಸಿಗುತ್ತದೆ. ತಿಂಗಳ ಕೊನೆಯ ವಾರದಲ್ಲಿ ಆರ್ಡರ್ ಉಬ್ಬಿ, ಮುಂದಿನ ತಿಂಗಳ ಮೊದಲ ಎರಡು ವಾರ ಫೋನೇ ಬರದಿದ್ದರೆ ಅನುಮಾನ ಪಡಿ.

ಬಹುಮಾನ ಇಡಬೇಕಾದದ್ದು ಮತ್ತೆ ಆರ್ಡರ್ ಕೊಟ್ಟ ಅಂಗಡಿಗಳ ಲೆಕ್ಕದ ಮೇಲೆ. ಲೈನ್‌ನಲ್ಲಿ 120 ಅಂಗಡಿ ಇದೆ ಎನ್ನಿ. ಮೊದಲ ಬಿಲ್ಲಿಗೆ ಏನೂ ಇಲ್ಲ. ಮುಖ ನೋಡಿ ಒಂದು ಪೆಟ್ಟಿಗೆ ಯಾರಾದರೂ ಇಟ್ಟುಕೊಳ್ಳುತ್ತಾರೆ. ಅದೇ ಅಂಗಡಿ ತಿಂಗಳೊಳಗೆ ಎರಡನೇ ಬಿಲ್, ಆಮೇಲೆ ಮೂರನೇ ಬಿಲ್ ಕೊಟ್ಟರೆ ದುಡ್ಡು. ಅದರಲ್ಲಿ ಒಂದು ಪಾಲು ನೇರವಾಗಿ ಸೇಲ್ಸ್‌ಮನ್ ಕೈಗೆ ಹೋಗಲಿ, ಯಜಮಾನರಿಗೆ ತಿಳಿಸಿಯೇ. ಕೊನೆಯ ಪುಟ ತಿರುಗಿಸುವವನು ಅವನು ತಾನೇ! ವಾರಕ್ಕೊಂದು ದಿನ ನಿಮ್ಮ ಕಡೆಯ ಒಬ್ಬರು ಅವನ ಜೊತೆ ಲೈನ್‌ಗೆ ಹೋಗಲಿ. ಸುಳ್ಳು ಬಿಲ್ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಇದೇ ಲೆಕ್ಕ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಒಬ್ಬ ವಿತರಕರ ಲೈನ್‌ನಲ್ಲಿ ಮಾತ್ರ ಎರಡನೇ ಬಿಲ್ ಬರುತ್ತಿಲ್ಲ ಎಂದರೆ ಅಲ್ಲಿನ ಕೆಲಸ ಸರಿಯಿಲ್ಲ. ನಿಮ್ಮ ಎಲ್ಲ ವಿತರಕರ ಲೈನ್‌ನಲ್ಲೂ ಬರುತ್ತಿಲ್ಲ ಎಂದರೆ ವಿತರಕರನ್ನು ಬದಲಿಸಿ ಪ್ರಯೋಜನವಿಲ್ಲ. ರುಚಿ, ಬೆಲೆ, ಪ್ಯಾಕೆಟ್ ಗಾತ್ರ, ಇವುಗಳಲ್ಲಿ ಒಂದು ಕೈಕೊಟ್ಟಿದೆ. ಹೊಸ ಲೈನ್ ತೆರೆಯುವುದನ್ನು ನಿಲ್ಲಿಸಿ, ಮಾಲು ತೆಗೆದುಕೊಂಡು ಸುಮ್ಮನಾದ ಅಂಗಡಿಗಳಿಗೆ ಹೋಗಿ ಕೇಳಿ.

ಮೂರು ತಿಂಗಳ ನಂತರವೂ ಒಬ್ಬರ ಜೊತೆ ಹೊಂದದಿದ್ದರೆ ಬಿಡಬೇಕಾಗುತ್ತದೆ. ಆಗ ಅವರ ಗೋದಾಮಿನ ಮಾಲನ್ನು ಎಣಿಸಿ, ಅವರು ಕೊಟ್ಟ 74ಕ್ಕೇ ವಾಪಸ್ ಕೊಂಡುಕೊಳ್ಳಿ. ಬಾಕಿ ಕ್ಲೇಮ್ ಅದೇ ದಿನ ಚುಕ್ತಾ ಮಾಡಿ, ಲೆಕ್ಕ ಮುಗಿಯಿತೆಂದು ಇಬ್ಬರೂ ಸಹಿ ಹಾಕಿ. ಆ ಲೈನ್‌ಗೆ ನೀವು ಮಾತಾಡಲು ಹೋಗುವ ಮುಂದಿನ ವಿತರಕರು ಮೊದಲು ಫೋನ್ ಮಾಡುವುದು ಇವರಿಗೇ.