ಹುದ್ದೆ ಬೀಳುವ ಮೊದಲೇ ಕರಿಯರ್ ಪೇಜ್ ಮೇಲೆ ಕಣ್ಣಿಟ್ಟಿದ್ದು ಹೀಗೆ

ಕ್ವಾಲಿಟಿ ಕೆಲಸ ಹುಡುಕಲು ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರು ಕಡೆ ಕ್ವಾಲಿಟಿ ವಿಭಾಗ ಇರುವ ಕಾರ್ಖಾನೆಗಳನ್ನಷ್ಟೇ ಶೀಟ್‌ಗೆ ಹಾಕಿದೆ. ಕಂಪನಿ, ಊರು, ಲಿಂಕ್, ಕೊನೆಗೆ ನೋಡಿದ ದಿನ. ಇಷ್ಟೇ ಕಾಲಂ ಸಾಕು.

ತೊಂದರೆ ಇದ್ದದ್ದು ಲಿಂಕ್‌ನಲ್ಲಿ. ಪುಟ ಬದಲಾದರೆ ತಿಳಿಸುವ ಡಿಸ್ಟಿಲ್ ಎಂಬ ಬ್ರೌಸರ್ ಎಕ್ಸ್‌ಟೆನ್ಷನ್ ಅನ್ನು ಮುಖ್ಯ ಕರಿಯರ್ ಪುಟಕ್ಕೆ ಹಾಕಿದರೆ ಬ್ಯಾನರ್ ಬದಲಾದಾಗೆಲ್ಲ ಸೂಚನೆ ಬರುತ್ತೆ, ಹುದ್ದೆ ಬಂದಾಗ ಬರಲ್ಲ. ಯಾಕೆಂದರೆ ಎಷ್ಟೋ ಕಂಪನಿಗಳ ಹುದ್ದೆ ಪಟ್ಟಿ `myworkdayjobs.com` ಥರದ ಬೇರೆ ಸೈಟಿನಲ್ಲಿರುತ್ತೆ. ಅಲ್ಲಿಗೇ ಹೋಗಿ `quality` ಎಂದು ಹುಡುಕಿ, ಫಲಿತಾಂಶ ಸೊನ್ನೆ ಬಂದರೂ ಆ ವಿಳಾಸವನ್ನೇ ಶೀಟ್‌ಗೆ ಹಾಕಿ. ಡಿಸ್ಟಿಲ್‌ಗೆ ಎಷ್ಟು ಹುದ್ದೆ ಎಂದು ತೋರಿಸುವ ಸಾಲನ್ನು ಮಾತ್ರ ಆರಿಸಿಕೊಡಿ.

ಊರಿನ ಫಿಲ್ಟರ್ ಬೇಡ. ಹುದ್ದೆಯಿಲ್ಲದ ಊರು ಅಲ್ಲಿ ಕಾಣುವುದೇ ಇಲ್ಲ. ಕೋಲಾರದ ಕೆಲಸಕ್ಕೂ ಕೆಲವರು `Bengaluru` ಅಂತಲೇ ಹಾಕಿರ್ತಾರೆ. ಇನ್ನೊಂದು, ಡಿಸ್ಟಿಲ್‌ನಲ್ಲಿ ನಿಮ್ಮ ಬ್ರೌಸರ್‌ನಲ್ಲೇ ಓಡುವ ಲೋಕಲ್ ಮಾನಿಟರ್ ಆರಿಸಿದ್ದರೆ, ಬ್ರೌಸರ್ ಮುಚ್ಚಿದಾಗ ಅದೂ ನಿಂತುಬಿಡುತ್ತೆ.