ಮಿಡಿ ಎಣಿಸಲು ಮೊಮ್ಮಗಳಿಗೆ ಐದರ ಲೆಕ್ಕ: ನನ್ನ ಅನುಭವ

ಏಳು ವರ್ಷದ ಮಗುವಿನ ಕೈಯಲ್ಲಿ ಮಾವಿನ ಮಿಡಿ ಎಣಿಸಬೇಡಿ, ಗಿರಾಕಿ ಹೋಗ್ತಾರೆ ಅಂತ ನಮ್ಮ ಸಂತೆಯಲ್ಲಿ ಹೇಳದವರೇ ಇರಲಿಲ್ಲ. ಪಕ್ಕದಲ್ಲಿ ಗೋಣಿ ಹಾಸಿ ಕೂರುವವರು ಹೇಳಿದರು, ಮನೆಯಲ್ಲಿ ಸೊಸೆಯೂ ಹೇಳಿದಳು. ಈ ಸೀಸನ್ನಿನಲ್ಲಿ ನನ್ನ ಮೊಮ್ಮಗಳು ಎಣಿಸಿ ಕೊಟ್ಟ ಮಿಡಿಯನ್ನು ಒಬ್ಬರೂ ಕಡಿಮೆ ಬಂತು ಅಂತ ವಾಪಸ್ ತಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ರಿಪ್ಪನ್‌ಪೇಟೆ ಕಡೆ ಉಪ್ಪಿನಕಾಯಿ ಮಿಡಿ ಮಾರುವವರಿಗೆ ನಾನೇನೂ ವಿವರಿಸಬೇಕಿಲ್ಲ. ನಮ್ಮದು ನೂರರ ಲೆಕ್ಕ, ತೂಕದ ವ್ಯಾಪಾರ ಅಲ್ಲ. ಈ ಸಲ ನನ್ನ ಮಿಡಿ ನೂರಕ್ಕೆ 300 ರೂಪಾಯಿ ಆಸುಪಾಸಿನಲ್ಲಿ ಹೋಯಿತು. ಅಂದರೆ ಒಂದು ಮಿಡಿಗೆ ಮೂರು ರೂಪಾಯಿ. ನೂರಕ್ಕೆ ಐದು ಹೆಚ್ಚು ಬಿದ್ದರೆ 15 ರೂಪಾಯಿ ನಷ್ಟ. ದಿನಕ್ಕೆ ಹದಿನೈದು ನೂರು ಹೋದರೆ 225 ರೂಪಾಯಿ ಸುಮ್ನೆ ಹೋಯಿತು. ಐದು ಕಡಿಮೆ ಬಿದ್ದರೆ ಇನ್ನೂ ಕಷ್ಟ. ಮನೆಗೆ ಹೋಗಿ ಭರಣಿಗೆ ಹಾಕುವ ಮುಂಚೆ ಎಣಿಸುವವರು ಜಾಸ್ತಿ. ಅವರು ಮುಂದಿನ ವರ್ಷ ನಮ್ಮ ಹತ್ತಿರ ಬರುವುದಿಲ್ಲ.

ಮೊದಲು ಅವಳು ಒಂದೊಂದಾಗಿ ಎಣಿಸುತ್ತಿದ್ದಳು. ನಲವತ್ತರವರೆಗೆ ಚೆನ್ನಾಗಿಯೇ ಹೋಗುತ್ತಿತ್ತು. ಅಷ್ಟರಲ್ಲಿ ಯಾರಾದರೂ "ಹೇಗೆ ಪುಟ್ಟಿ ನೂರಕ್ಕೆ?" ಅಂತ ಕೇಳಿದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಮತ್ತೆ ಮೊದಲಿಂದ. ಇಪ್ಪತ್ತೊಂಬತ್ತು ಆದ ಮೇಲೆ ನಲವತ್ತು ಅಂದುಬಿಟ್ಟು ಹತ್ತು ಮಿಡಿ ನುಂಗಿದ್ದೂ ಉಂಟು. ಹತ್ತು ಹತ್ತು ಗುಡ್ಡೆ ಮಾಡಿಸಿ ನೋಡಿದೆ. ಗುಡ್ಡೆಯಲ್ಲಿ ಒಂಬತ್ತಿದೆಯೋ ಹತ್ತಿದೆಯೋ ಅಂತ ಕಣ್ಣಿಗೆ ತಿಳಿಯುವುದಿಲ್ಲ, ಪ್ರತಿ ಗುಡ್ಡೆಯನ್ನೂ ಮತ್ತೆ ಎಣಿಸಬೇಕು. ನಾಲ್ಕು ನಾಲ್ಕು ಅವಳ ಕೈಗೆ ಹಗುರವಾಗಿತ್ತು, ಎರಡೆರಡು ಹಿಡಿದರೆ ಆಯಿತು. ಆದರೆ ನಾಲ್ಕರ ಲೆಕ್ಕ 48 ಆಗುತ್ತದೆ, 52 ಆಗುತ್ತದೆ, ಐವತ್ತಕ್ಕೆ ಬಂದು ನಿಲ್ಲುವುದಿಲ್ಲ. ಅರ್ಧ ನೂರು ಕೇಳುವವರೇ ನಮ್ಮಲ್ಲಿ ಹೆಚ್ಚು, ಅಲ್ವಾ?

ಕೊನೆಗೆ ನಾವೆಲ್ಲ ಎಣಿಸುವ ಹಾಗೆಯೇ ಐದಕ್ಕೆ ಬಂದೆ. ಬಲಗೈಯಲ್ಲಿ ಮೂರು, ಎಡಗೈಯಲ್ಲಿ ಎರಡು. ಮೂರು ಮತ್ತು ಎರಡನ್ನು ಎಣಿಸಬೇಕಾಗಿಲ್ಲ, ನೋಡಿದರೇ ಗೊತ್ತಾಗುತ್ತದೆ. ದೊಡ್ಡವರು ಇದನ್ನು ಯೋಚಿಸದೇ ಮಾಡುತ್ತೇವೆ. ಮಗುವಿಗೆ ಮಾತ್ರ ಮೊದಲು ಬರೀ ಕೈ ಹಿಡಿತವನ್ನೇ ಕಲಿಸಬೇಕು, ಬಾಯಿಯಲ್ಲಿ ಸಂಖ್ಯೆಯೇ ಬೇಡ. ನಾನು ಹಾಗೇ ಮಾಡಿದೆ. ಒಂದಿಷ್ಟು ದಿನ ಅವಳು ಹಿಡಿದು ಹಿಡಿದು ಬುಟ್ಟಿಗೆ ಹಾಕಿದಳು, ಎಣಿಸಿದ್ದು ನಾನು.

ಆಮೇಲೆ ಬಾಯಿ ಲೆಕ್ಕ. ಐದರ ಮಗ್ಗಿ ಅವಳಿಗೆ ಶಾಲೆಯಲ್ಲೇ ಬಾಯಿಪಾಠ ಆಗಿತ್ತು. ಐದೊಂದ್ಲ ಐದು, ಐದೆರಡ್ಲ ಹತ್ತು ಅಂತ ಗಡಗಡ ಹೇಳುತ್ತಿದ್ದಳು. ಮಿಡಿ ಮುಂದಿಟ್ಟರೆ ಬಾಯಿ ಎಲ್ಲೋ, ಕೈ ಎಲ್ಲೋ. ಕೈ ಆರನೇ ಸಲ ಹಾಕುವಷ್ಟರಲ್ಲಿ ಬಾಯಿ ಐವತ್ತು ಮುಟ್ಟಿರುತ್ತಿತ್ತು. ಮಗ್ಗಿ ಬಿಡಿಸಿ "ಐದು, ಹತ್ತು, ಹದಿನೈದು" ಅಂತ ಮಾತ್ರ ಹೇಳಿಸಿದೆ. ಅದನ್ನೂ ಮಿಡಿ ಕೈ ಬಿಟ್ಟ ಮೇಲೆಯೇ ಹೇಳಬೇಕು. "ಪುಟ್ಟಿ, ಕೈ ಖಾಲಿಯಾಗದೆ ಬಾಯಿ ತೆಗೆಯಬೇಡ" ಅಂತ ಸಾವಿರ ಸಲ ಹೇಳಿರಬೇಕು. ಎತ್ತರದಿಂದ ಎಸೆಯಲು ಬಿಡಲಿಲ್ಲ. ಪೆಟ್ಟು ಬಿದ್ದ ಮಿಡಿ ಭರಣಿಯಲ್ಲಿ ಮೆತ್ತಗಾದರೆ ಬೈಗುಳ ನಮಗೇ ತಾನೆ.

ಹೀಗೆ ಹೇಳಿಸುವುದರಲ್ಲಿ ಇನ್ನೊಂದು ಲಾಭ ಸಿಕ್ಕಿತು. ಒಂದು ಸಲ ಕೊನೆಯಲ್ಲಿ ಐದು ಬರುತ್ತದೆ, ಮುಂದಿನ ಸಲ ಬರುವುದಿಲ್ಲ. ಮೂವತ್ತೈದು, ನಲವತ್ತು, ನಲವತ್ತೈದು, ಐವತ್ತು. ನಡುವೆ ಒಂದು ಬಿಟ್ಟು ಮೂವತ್ತೈದರಿಂದ ನಲವತ್ತೈದಕ್ಕೆ ಹಾರಿದರೆ ಐದು ಎರಡು ಸಲ ಕೇಳಿಸುತ್ತದೆ. ನಾನು ಬೇರೆಯವರಿಗೆ ಚಿಲ್ಲರೆ ಕೊಡುತ್ತಿದ್ದರೂ ಕಿವಿಗೆ ಗೊತ್ತಾಗುತ್ತದೆ. ಈಗ ಅವಳೇ ತಡೆದು ನಿಲ್ಲುತ್ತಾಳೆ.

ಐವತ್ತು ದಾಟಿದರೆ ಮತ್ತೆ ಎಡವುತ್ತಿದ್ದಳು. ಮಗ್ಗಿ ಕಲಿತಿದ್ದು ಐದ್ಹತ್ಲ ಐವತ್ತರವರೆಗೆ ಮಾತ್ರ. ಅರವತ್ತು ಎಪ್ಪತ್ತು ತಲೆಕೆಳಗಾಗುತ್ತಿತ್ತು. ಆಗ ನಾನು ಐವತ್ತಕ್ಕೇ ಲೆಕ್ಕ ಕಡಿದೆ. ಐವತ್ತಾದರೆ ಒಂದು ಗುರುತು ತೆಗೆದಿಡು, ಮತ್ತೆ ಐದರಿಂದ ಶುರು ಮಾಡು. ಎರಡು ಗುರುತು ಅಂದರೆ ನೂರು. ಮೊದಲು ಗುರುತಿಗೆ ಒಂದು ಮಿಡಿಯನ್ನೇ ಇಡಿಸುತ್ತಿದ್ದೆ. ಗಿರಾಕಿಯೊಬ್ಬರು ಅದು ಕೊಸರು ಅಂದುಕೊಂಡು ಚೀಲಕ್ಕೆ ಹಾಕಿಕೊಂಡರು, ಲೆಕ್ಕವೇ ಕಳೆದುಹೋಯಿತು. ಅವತ್ತಿಂದ ನನ್ನ ಎಲೆಸಂಚಿಯ ಅಡಿಕೆಯೇ ಗುರುತು. ಮಿಡಿ ರಾಶಿಯಲ್ಲಿ ಅಡಿಕೆ ಬೆರೆಯುವುದಿಲ್ಲ. ಕರಟದಲ್ಲಿ ಹಾಕಿದರೆ ಗಿರಾಕಿಗೂ ಕಾಣುತ್ತದೆ.

ತೂಕ ಹಾಕಿಯೂ ನೋಡಿದ್ದೇನೆ. ಮಗನ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಂದು ಮರದ ನೂರು ಮಿಡಿ ಹೆಚ್ಚು ಕಡಿಮೆ ಒಂದು ಕೆ.ಜಿ. ಬಂತು. ಇನ್ನೊಂದು ಮರದ್ದು ಒಂದೂವರೆ ಹತ್ತಿರ ಬಂತು. ಒಂದೇ ಮರದ್ದಾದರೆ ತೂಕದಿಂದ ಅಂದಾಜು ಮಾಡಬಹುದು. ಎರಡು ಮರದ್ದು ಬೆರೆತರೆ ತಕ್ಕಡಿ ಕೆಲಸಕ್ಕೆ ಬಾರದು.

ಶಿವರಾತ್ರಿ ಕಳೆದು ಮಿಡಿ ದಪ್ಪ ಆಗುತ್ತಾ ಬಂದಾಗ ಒಂದು ತೊಂದರೆ ಬಂತು. ಪುಟ್ಟ ಕೈಗೆ ಮೂರು ಹಿಡಿಯಲಿಲ್ಲ. ಅವಳು ಸದ್ದಿಲ್ಲದೆ ಎರಡೆರಡು ಹಿಡಿದು ಐದು ಅನ್ನತೊಡಗಿದಳು. ನೂರು ಅಂದದ್ದು ಎಂಬತ್ತೇ ಆಗುತ್ತಿತ್ತು. ಬುಟ್ಟಿಯಲ್ಲಿ ಮಿಡಿ ಕಡಿಮೆ ಕಂಡಿದ್ದರಿಂದ ಹಿಡಿದೆ. ಈಗ ದಪ್ಪ ಮಿಡಿಯಾದರೆ ಕೈಯಲ್ಲಿ ಹಿಡಿಯುವುದೇ ಇಲ್ಲ. ಗೋಣಿಯ ಮೇಲೆ ಒಂದು ಸಾಲಿನಲ್ಲಿ ಮೂರು, ಅದರ ಕೆಳಗೆ ಎರಡು ಇಟ್ಟು, ನೋಡಿ, ಬುಟ್ಟಿಗೆ ಸರಿಸುತ್ತಾಳೆ. ಸ್ವಲ್ಪ ನಿಧಾನ, ಆದರೆ ಸರಿ. ನಡುನಡುವೆ "ಕೈ ಬಿಡಿಸು ನೋಡೋಣ" ಅನ್ನುವುದನ್ನು ನಾನು ಬಿಟ್ಟಿಲ್ಲ. ಮಾತಾಡುತ್ತಲೇ ಅವಳ ಲೆಕ್ಕವನ್ನು ಪರೀಕ್ಷೆ ಮಾಡಲು ನನ್ನದೇ ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆದರೆ ಅವಳಿಗೂ ತಿಳಿದುಬಿಡುತ್ತದೆ, ಹಾಗಾಗಿ ಬೇಡ.

ಕೊಸರು ಮಾತ್ರ ನನ್ನ ಕೈಯದ್ದು. ಕೊನೆಯ ಅಡಿಕೆ ಕರಟಕ್ಕೆ ಬಿದ್ದ ಮೇಲೆ ನಾನೇ ಹಾಕುತ್ತೇನೆ. ಅವಳ ಕೈಗೆ ಬಿಟ್ಟರೆ ಲೆಕ್ಕದೊಳಗೇ ಸೇರಿಸಿಬಿಡುತ್ತಾಳೆ.

ಯುಗಾದಿ ಹತ್ತಿರ ಸಾಗರದ ಕಡೆಯವರೊಬ್ಬರು 350 ಮಿಡಿ ಕೇಳಿದರು. ಮಗು ಎಣಿಸುವುದನ್ನು ಕಂಡು "ಅಜ್ಜಿ, ನೀವೇ ಎಣಿಸಿ" ಅಂದರು. "ನೀವೂ ಜೊತೆಗೆ ಎಣಿಸಿಕೊಳ್ಳಿ" ಅಂದೆ. ಅವಳು ತಲೆ ಎತ್ತದೆ ಏಳು ಅಡಿಕೆ ಹಾಕಿ ಮುಗಿಸಿದಳು. ಅವರ ಲೆಕ್ಕ 345ಕ್ಕೆ ನಿಂತಿತ್ತು. ಬುಟ್ಟಿ ಸುರಿದು ಎಲ್ಲರೂ ಸೇರಿ ಎಣಿಸಿದೆವು, 350 ಇತ್ತು. ಪಕ್ಕದ ಗೋಣಿಯವರೂ ಎದ್ದು ಬಂದು ನೋಡಿದರು.

ಈಗ ದುಡ್ಡಿನ ಲೆಕ್ಕ ಹಿಡಿಸಿದ್ದೇನೆ. ಐದು ಮಿಡಿಯ ಒಂದು ಕೈ ಅಂದರೆ 15 ರೂಪಾಯಿ. ಯಾರಾದರೂ 200 ರೂಪಾಯಿ ಕೊಟ್ಟು ಇಷ್ಟಕ್ಕೆ ಬರುವಷ್ಟು ಕೊಡು ಅಂದರೆ ಹದಿಮೂರು ಕೈ ಹಾಕಬೇಕು, ಅದು 195. ಉಳಿದ ಐದು ರೂಪಾಯಿಗೆ ಒಂದು ಮಿಡಿ ಹಾಕಿ ಎರಡು ರೂಪಾಯಿ ವಾಪಸ್ ಕೊಡಬೇಕು. ಇದರಲ್ಲಿ ಇನ್ನೂ ತಡವರಿಸುತ್ತಾಳೆ. ಮುಂದಿನ ವರ್ಷ ರೇಟು ಬದಲಾದರೆ ಈ ಹದಿನೈದೂ ಬದಲಾಗುತ್ತದೆ, ಅದನ್ನು ಮತ್ತೆ ಹೊಸದಾಗಿ ಹಿಡಿಸಬೇಕು.