ರಾತ್ರಿ ರಕ್ತದಲ್ಲಿ ಆನೆಕಾಲಿನ ಮರಿಹುಳು ಹುಡುಕೋದು ಹೇಗೆ?

ಮಂಗಳೂರು ಉಡುಪಿ ಕಡೆ ಆನೆಕಾಲು ರೋಗ ಹೊಸತೇನಲ್ಲ, ರಾತ್ರಿ ಬಂದು ಬೆರಳು ಚುಚ್ಚಿ ರಕ್ತ ತಗೊಂಡು ಹೋಗೋ ಆರೋಗ್ಯ ಇಲಾಖೆಯವರನ್ನೂ ತುಂಬಾ ಜನ ನೋಡಿರ್ತಾರೆ. ಹಗಲಲ್ಲಿ ಯಾಕೆ ತಗೊಳ್ಳೋದಿಲ್ಲ ಅಂದ್ರೆ, ಉಚೆರೇರಿಯಾ ಹುಳದ ಮರಿಗಳು, ಅಂದ್ರೆ ಮೈಕ್ರೋಫೈಲೇರಿಯಾ, ಹಗಲು ಶ್ವಾಸಕೋಶದ ರಕ್ತನಾಳದಲ್ಲಿ ಅಡಗಿದ್ದು ರಾತ್ರಿ 10ರಿಂದ 2ರ ಹೊತ್ತಿಗೆ ಮೈತುಂಬಾ ಓಡಾಡ್ತವೆ. ಆದ್ರೆ ಇದು ಗಡಿಯಾರಕ್ಕಿಂತ ನಮ್ಮ ನಿದ್ದೆಗೆ ಕಟ್ಟಿಕೊಂಡ ಲೆಕ್ಕ, ಹಾಗಾಗಿ ಮಲ್ಪೆ ಬಂದರಲ್ಲಿ ವಾರಗಟ್ಟಲೆ ರಾತ್ರಿ ಕೆಲಸ ಮಾಡಿ ಹಗಲು ಮಲಗೋರ ಹತ್ರ ಮೊದಲು ಅದನ್ನೇ ಕೇಳಬೇಕು, ಅವರದ್ದು ಸಮಯ ತಿರುಗಿರಬಹುದು.

ಮಾಮೂಲಿ ಕ್ರಮ ಸುಲಭ. ಬೆರಳಿನಿಂದ 20 ಮೈಕ್ರೋಲೀಟರ್ ರಕ್ತ ಸ್ಲೈಡ್ ಮೇಲೆ ದಪ್ಪಕ್ಕೆ ಹರಡಿ ಒಣಗಿಸ್ಬೇಕು, ನಮ್ಮ ಕರಾವಳಿ ಸೆಕೆಗೆ ಬೇಗ ಒಣಗೋದೇ ಇಲ್ಲ, ಹಸಿ ಇದ್ದಾಗಲೇ ನೀರಿಗೆ ಹಾಕಿದ್ರೆ ಸ್ಮಿಯರ್ ಎದ್ದು ಹೋಗ್ತದೆ, ಮುಚ್ಚಿಡದಿದ್ರೆ ಇರುವೆ ಜಿರಳೆ ತಿಂದು ಬಿಡ್ತವೆ. ಒಣಗಿದ ಮೇಲೆ ನೀರಲ್ಲಿ ಕೆಂಪು ಹೋಗೋವರೆಗೆ ಇಟ್ಟು, ಮೆಥನಾಲ್ ಹಾಕಿ, ಗೀಮ್ಸಾ ಬಣ್ಣ ಹಾಕಿ ನೋಡೋದು.

ಕಷ್ಟ ಇರೋದು ಹುಳ ಕಮ್ಮಿ ಇದ್ದಾಗ. ಒಂದು ಎಂ.ಎಲ್. ರಕ್ತದಲ್ಲಿ 10 ಮರಿ ಉಂಟು ಅಂದ್ಕೊಳ್ಳಿ. 20 ಮೈಕ್ರೋಲೀಟರಿಗೆ ಸರಾಸರಿ ಬರೋದು 0.2, ಅಂದ್ರೆ ನೂರು ಸ್ಲೈಡಲ್ಲಿ ಸುಮಾರು 82ರಲ್ಲಿ ಏನೂ ಇರ್ಲಿಕ್ಕಿಲ್ಲ. ಮೂರು ಸ್ಮಿಯರ್ ಮಾಡಿದ್ರೂ ಅರ್ಧಕ್ಕಿಂತ ಹೆಚ್ಚು ಸಲ ತಪ್ಪಿ ಹೋಗ್ತದೆ. ಎಷ್ಟು ಹುಷಾರಿ ಟೆಕ್ನೀಷಿಯನ್ ಆದ್ರೂ ಸ್ಲೈಡಲ್ಲಿ ಇಲ್ಲದ್ದನ್ನು ಹುಡುಕ್ಲಿಕ್ಕೆ ಆಗೋದಿಲ್ಲ ಮಾರಾಯ್ರೆ.

ಅದಕ್ಕೇ ನಾಟ್ ವಿಧಾನ. ರಾತ್ರಿಯೇ ರಕ್ತನಾಳದಿಂದ ರಕ್ತ ತೆಗೆದು ಹೆಪ್ಪುಗಟ್ಟದ ಹಾಗೆ ಇಡಿಟಿಎ ಟ್ಯೂಬಿಗೆ ಹಾಕಿ, ಅದರಲ್ಲಿ 1 ಎಂ.ಎಲ್. ತಗೊಂಡು 2% ಫಾರ್ಮಲಿನ್ 9 ಎಂ.ಎಲ್.ಗೆ ಸೇರಿಸಿ ಚೆನ್ನಾಗಿ ಅಲ್ಲಾಡಿಸಿ. ಕೆಂಪು ಕಣ ಒಡೀತವೆ, ಹುಳ ಸತ್ತು ನೆಟ್ಟಗಾಗ್ತದೆ. 500 ಜಿ ವೇಗದಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ನೀರು ಚೆಲ್ಲಿ, ಅಡಿಯ ಗಸಿ *ಪೂರ್ತಿ* ನೋಡಿ. ಒಂದೇ ಹನಿ ನೋಡಿ ಬಿಟ್ಟರೆ ಇಷ್ಟೆಲ್ಲಾ ಮಾಡಿದ್ದು ದಂಡ. ಮೆಥಿಲೀನ್ ಬ್ಲೂ ಒಂದು ಹನಿ ಹಾಕಿದ್ರೆ ಬೇಗ ಕಾಣ್ತದೆ, ಆದ್ರೆ ಸತ್ತ ಹುಳ ಅಲ್ಲವಾ, ಮಿಸುಕೋದನ್ನು ಕಾಯಬೇಡಿ.

ಹತ್ತಿ ನೂಲು, ಧೂಳಿನ ಎಳೆಯೂ ಹುಳದ ಹಾಗೇ ಕಾಣ್ತದೆ. ನಿಜವಾದದ್ದಾದ್ರೆ ಬಣ್ಣ ಹಾಕಿದಾಗ ಒಳಗೆ ಸಾಲಾಗಿ ಚುಕ್ಕೆ ಚುಕ್ಕೆ ನ್ಯೂಕ್ಲಿಯಸ್ ಇರ್ತದೆ. ಉಚೆರೇರಿಯಾದ ಬಾಲದ ತುದಿ ಖಾಲಿ, ಆನೆಕಾಲು ತರೋ ಇನ್ನೊಂದು ಹುಳ ಬ್ರೂಜಿಯಾದ ತುದಿಯಲ್ಲಿ ಎರಡು ಚುಕ್ಕೆ ಬಿಡಿಯಾಗಿ ಕಾಣ್ತವೆ. ಉಚೆರೇರಿಯಾದ ಹೊರ ಕವಚಕ್ಕೆ ಗೀಮ್ಸಾ ಸರಿಯಾಗಿ ಹಿಡಿಯೋದಿಲ್ಲ, ಕವಚ ಕಾಣಲಿಲ್ಲ ಅಂತ ಬೇರೆ ಹುಳ ಅಂದ್ಕೊಳ್ಬೇಡಿ.

ಫಿಲ್ಟರ್ ಪೊರೆಯ ವಿಧಾನವೂ ಉಂಟು, 3 ಅಥವಾ 5 ಮೈಕ್ರಾನ್ ತೂತಿನದ್ದು, ಒಳ್ಳೆದೇ, ಆದ್ರೆ ರಕ್ತ ಸ್ವಲ್ಪ ಹೆಪ್ಪುಗಟ್ಟಿದ್ರೂ ಕಟ್ಟಿಕೊಳ್ತದೆ.

ಇನ್ನೊಂದು, ಕಾಲು ಊದಿ ವರ್ಷಗಳಾದವರ ರಕ್ತದಲ್ಲಿ ಹೆಚ್ಚಾಗಿ ಮರಿಹುಳ ಸಿಗೋದೇ ಇಲ್ಲ, ನಾಟ್ ಮಾಡಿ ನೆಗೆಟಿವ್ ಬಂತು ಅಂತ ಡಾಕ್ಟರ ಹತ್ರ ಹೋಗೋದು ಬಿಡ್ಬೇಡಿ.